ಒಂಬತ್ತು ರೂಮಿನ ಲಾಡ್ಜಿಗೆ ವಾಟ್ಸಾಪ್ ಬಿಸಿನೆಸ್ ಆಟೋ ರಿಪ್ಲೈ ಹಾಕಿದ್ದು

ಮಡಿಕೇರಿಲಿ ನಮ್ಮ ಚಿಕ್ಕಪ್ಪಂದು ಒಂದು ಲಾಡ್ಜ್ ಇದೆ. ಹೋಮ್‌ಸ್ಟೇ ಅಲ್ಲ, ರೆಸಾರ್ಟ್ ಅಂತೂ ಅಲ್ವೇ ಅಲ್ಲ, ಬಸ್ ಸ್ಟ್ಯಾಂಡಿಂದ ಬ್ಯಾಗ್ ಹಿಡ್ಕೊಂಡು ನಡ್ಕೊಂಡೇ ಹೋಗ್ಬಹುದಾದ ಹಳೇ ಲಾಡ್ಜ್, ಒಂಬತ್ತು ರೂಮು, ಆರು ಡಬಲ್ ಮೂರು ಫೋರ್ ಬೆಡ್. ಬುಕಿಂಗ್ ಅರ್ಧ ಫೋನಲ್ಲಿ ಬರುತ್ತೆ, ಇನ್ನರ್ಧ ವಾಟ್ಸಾಪಲ್ಲಿ. ತೊಂದ್ರೆ ಇದ್ದಿದ್ದು ವಾಟ್ಸಾಪಿಂದು. ರಾತ್ರಿ ಹನ್ನೊಂದಕ್ಕೆ ಯಾರೋ ‘ರೂಮ್ ಇದ್ಯಾ’ ಅಂತ ಕೇಳಿರ್ತಾರೆ, ಬೆಳಿಗ್ಗೆ ಎಂಟಕ್ಕೆ ಇವ್ರು ‘ಇದೆ ಸರ್, ಯಾವತ್ತಿಗೆ’ ಅಂತ ಹಾಕೋ ಹೊತ್ತಿಗೆ ಅವ್ರು ಬೇರೆ ಕಡೆ ಮಾಡ್ಕೊಂಡಿರ್ತಾರೆ. ಹಗಲಲ್ಲಿ ಇನ್ನೊಂದು ಥರ, ರಿಸೆಪ್ಶನ್ ಹುಡುಗ ರೇಟು, ಪಾರ್ಕಿಂಗ್, ಬಿಸಿ ನೀರು ಇದನ್ನೇ ದಿನವಿಡೀ ಟೈಪ್ ಮಾಡ್ತಾ ಕೂರ್ಬೇಕು, ಒಬ್ರಿಗೆ ಒಂದು ರೇಟು ಇನ್ನೊಬ್ರಿಗೆ ಇನ್ನೊಂದು ರೇಟು ಹೋಗಿ ಕೌಂಟರಲ್ಲಿ ಜಗಳ ಬೇರೆ.

ಇದನ್ನ ಸರಿ ಮಾಡೋಕೆ ಕೂತಾಗ ಮೊದ್ಲು ಚಿಕ್ಕಪ್ಪಂಗೆ ಒಂದು ವಿಷಯ ಬಿಡಿಸಿ ಹೇಳ್ಬೇಕಾಯ್ತು. ಅವ್ರ ತಲೇಲಿ ಇದ್ದಿದ್ದು, ಗಿರಾಕಿ ಏನು ಕೇಳ್ತಾರೋ ಅದಕ್ಕೆ ತಕ್ಕ ಉತ್ತರ ತಾನಾಗೇ ಹೋಗುತ್ತೆ ಅಂತ. ಫ್ರೀ ಆಗಿ ಸಿಗೋ ವಾಟ್ಸಾಪ್ ಬಿಸಿನೆಸ್ ಆ್ಯಪಿನ ಗ್ರೀಟಿಂಗ್ ಮೆಸೇಜ್, ಆಮೇಲೆ ನಾವಿಲ್ಲದ ಹೊತ್ತಲ್ಲಿ ಹೋಗೋ `Away message` ಅಂದ್ರೆ ಅವೇ ಮೆಸೇಜ್, ಎರಡೂ ಹಂಗೆ ಕೆಲ್ಸ ಮಾಡಲ್ಲ. ಅವೆರಡೂ ಕುರುಡು, ಎದುರಿನವ್ರು ಏನು ಬರ್ದಿದ್ದಾರೆ ಅಂತ ನೋಡಲ್ಲ, ಹೊತ್ತು ಮತ್ತೆ ನಂಬರ್ ಅಷ್ಟೇ ನೋಡಿ ಒಂದೇ ಮೆಸೇಜ್ ಕಳಿಸ್ತವೆ. ಕ್ವಿಕ್ ರಿಪ್ಲೈ ಅನ್ನೋದು ತಾನಾಗೇ ಹೋಗೋದೇ ಇಲ್ಲ, ಅದು ಬರೀ ಉಳಿಸಿಟ್ಟ ಟೈಪಿಂಗ್, ಮನುಷ್ಯ ಒತ್ತಿದ್ರೆ ಹೋಗುತ್ತೆ. ಕೇಳಿದ್ದು ನೋಡಿ ಉತ್ರ ಕೊಡೋ ಬಾಟ್ ಬೇಕು ಅಂದ್ರೆ ಬಿಸಿನೆಸ್ ಪ್ಲಾಟ್‌ಫಾರ್ಮಿನ ಎಪಿಐ ಕಡೆ ಹೋಗ್ಬೇಕಿತ್ತು ನಾವು ಮಾಡೋ ಹೊತ್ತಿಗೆ, ಅದಕ್ಕೆ ಯಾವ್ದಾದ್ರೂ ಕಂಪನಿಯ ಸಾಫ್ಟ್‌ವೇರು, ಖರ್ಚು ಎಲ್ಲಾ ಬರುತ್ತೆ. ಒಂಬತ್ತು ರೂಮಿಗೆ ಅದು ಬೇಡ ಅಂತ ನಾನೇ ಹೇಳ್ದೆ. ಹಂಗಾಗಿ ಲೆಕ್ಕ ಹಿಂಗೆ ಇಟ್ಕೊಂಡ್ವಿ: ತಾನಾಗೇ ಹೋಗೋ ಮೆಸೇಜಿನ ಕೆಲ್ಸ ಒಂದೇ, ಗಿರಾಕಿ ಹತ್ರ ತಾರೀಖು ಮತ್ತೆ ಎಷ್ಟು ಜನ ಅನ್ನೋದನ್ನ ಬರೆಸ್ಕೊಳ್ಳೋದು. ಉಳಿದಿದ್ದೆಲ್ಲಾ ಕ್ವಿಕ್ ರಿಪ್ಲೈ.

ನಂಬರ್ ಬದಲಾಯಿಸೋದು

ಲಾಡ್ಜಿನ ನಂಬರ್ ಮಾಮೂಲಿ ವಾಟ್ಸಾಪಲ್ಲಿ ಇತ್ತು. ಒಂದೇ ನಂಬರ್ ಮಾಮೂಲಿ ವಾಟ್ಸಾಪಲ್ಲೂ ಬಿಸಿನೆಸಲ್ಲೂ ಒಟ್ಟಿಗೆ ನಡೆಯಲ್ಲ, ಒಂದ್ರಲ್ಲಿ ಹಾಕಿದ್ರೆ ಇನ್ನೊಂದ್ರಿಂದ ಹೋಗುತ್ತೆ. ಬೋರ್ಡು, ವಿಸಿಟಿಂಗ್ ಕಾರ್ಡು, ಗೂಗಲ್ ಮ್ಯಾಪ್ ಎಲ್ಲಾ ಕಡೆ ಇರೋದು ಅದೇ ನಂಬರ್ ಆದ್ರಿಂದ ಅದನ್ನೇ ಬಿಸಿನೆಸಿಗೆ ತಿರುಗ್ಸೋದು ಅಂತಾಯ್ತು. ಅದೇ ಫೋನಲ್ಲಿ ಬಿಸಿನೆಸ್ ಆ್ಯಪ್ ಹಾಕಿ ತೆರೆದ್ರೆ ಈ ನಂಬರನ್ನೇ ಬಳಸ್ಲಾ ಅಂತ ಅದೇ ಕೇಳುತ್ತೆ, ಹಳೇ ಚಾಟ್ ಎಲ್ಲಾ ಬರುತ್ತೆ. ಶುರು ಮಾಡೋಕೆ ಮೊದ್ಲು ಬ್ಯಾಕಪ್ ತಗೊಂಡು, ಫೋನ್ ಚಾರ್ಜಿಗೆ ಹಾಕಿ, ಮುಗಿಯೋ ತನಕ ಮುಟ್ಟಲೇ ಇಲ್ಲ.

ಇದಕ್ಕಿಂತ ಮುಂಚೆ ನೋಡ್ಬೇಕಾದ ಒಂದು ವಿಷಯ ಇದೆ, ಎಷ್ಟೋ ಜನ ನೋಡಲ್ಲ. ಹಳೇ ವಾಟ್ಸಾಪಿನ ಸೆಟ್ಟಿಂಗ್ಸಲ್ಲಿ ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಇದ್ಯಾ ಅಂತ. ಮುಂಚೆ ಕೆಲ್ಸಕ್ಕಿದ್ದ ಯಾರೋ ಆರು ಅಂಕಿ ಪಿನ್ ಹಾಕಿ ಹೋಗಿದ್ರೆ, ಇಮೇಲೂ ಕೊಟ್ಟಿಲ್ಲ ಅಂದ್ರೆ, ಓಟಿಪಿ ಸರಿಯಾಗಿ ಹಾಕಿದ್ರೂ ಪಿನ್ ಕೇಳಿ ನಿಲ್ಲಿಸುತ್ತೆ, ಆಮೇಲೆ 7 ದಿನ ಕಾಯ್ಬೇಕು. ಸೀಸನ್ ಮಧ್ಯೆ 7 ದಿನ ವಾಟ್ಸಾಪ್ ಇಲ್ಲ ಅಂದ್ರೆ ಚಿಕ್ಕಪ್ಪ ನನ್ನನ್ನ ಮನೆಗೆ ಸೇರಿಸಲ್ಲ. ನಮ್ದ್ರಲ್ಲಿ ಆಫ್ ಇತ್ತು. ಬಿಸಿನೆಸಿಗೆ ಬಂದ್ಮೇಲೆ ಹೊಸ ಪಿನ್ ಹಾಕಿ ಚಿಕ್ಕಪ್ಪನ ಇಮೇಲ್ ಕೊಟ್ಟು, ಪಿನ್ನನ್ನ ಅವ್ರ ಮನೆ ಲೆಕ್ಕದ ಪುಸ್ತಕದಲ್ಲಿ ಬರೆಸಿಟ್ಟೆ, ರಿಸೆಪ್ಶನಲ್ಲಿ ಅಲ್ಲ.

ಗ್ರೀಟಿಂಗ್ ಮೆಸೇಜ್

`Business tools` ಒಳಗೆ `Greeting message` ಇರುತ್ತೆ. ಇದು ಹೋಗೋದು ಎರಡೇ ಸಂದರ್ಭದಲ್ಲಿ, ಒಂದು ಆ ನಂಬರಿಂದ ಮೊದಲ್ನೇ ಸಲ ಮೆಸೇಜ್ ಬಂದಾಗ, ಇನ್ನೊಂದು 14 ದಿನ ಆ ಚಾಟಲ್ಲಿ ಏನೂ ಮಾತುಕತೆ ಇಲ್ದೆ ಆಮೇಲೆ ಬಂದಾಗ. ಈ 14 ದಿನದ ನಿಯಮ ಲಾಡ್ಜಿನವ್ರಿಗೆ ಬಹಳ ಮುಖ್ಯ, ಎರಡೂ ಕಡೆಯಿಂದ.

ಒಂದು ಕಡೆ, ಹೋದ ವಾರ ರೇಟು ಕೇಳಿ ಸುಮ್ನಾದವ್ರು ಈ ವಾರ ಮತ್ತೆ ಕೇಳಿದ್ರೆ ಗ್ರೀಟಿಂಗ್ ಹೋಗಲ್ಲ. ‘ಇದು ಕೆಲ್ಸ ಮಾಡ್ತಿಲ್ಲ ಮಾರಾಯ’ ಅಂತ ರಿಸೆಪ್ಶನ್ ಹುಡುಗ ಫೋನ್ ಮಾಡೋದು ಇಂಥದ್ದಕ್ಕೇ. ಟೆಸ್ಟ್ ಮಾಡೋರೂ ಹಿಂಗೇ ಮೋಸ ಹೋಗ್ತಾರೆ, ನಿನ್ನೆ ಚಾಟ್ ಮಾಡಿದ ತಮ್ಮ ನಂಬರಿಂದಾನೇ ‘ಹಾಯ್’ ಹಾಕಿ ಏನೂ ಬರ್ಲಿಲ್ಲ ಅಂತಾರೆ. ಲಾಡ್ಜಿಗೆ ಯಾವತ್ತೂ ಮೆಸೇಜ್ ಹಾಕದಿರೋ ನಂಬರೇ ಬೇಕು ಟೆಸ್ಟಿಗೆ.

ಇನ್ನೊಂದು ಕಡೆ ಇದಕ್ಕಿಂತ ಮಜಾ. ಯಾರೋ ಮೂರು ವಾರ ಮುಂಚೆ ಬುಕ್ ಮಾಡಿ ಅಡ್ವಾನ್ಸೂ ಹಾಕಿರ್ತಾರೆ, ಆಮೇಲೆ ಮಾತೇ ಇಲ್ಲ. ಬರೋ ದಿನ ‘ಕುಶಾಲನಗರ ದಾಟಿದ್ವಿ’ ಅಂತ ಮೆಸೇಜ್ ಹಾಕ್ತಾರೆ. 14 ದಿನ ಕಳೆದಿರೋದ್ರಿಂದ ಆ್ಯಪಿಗೆ ಅವ್ರು ಹೊಸಬ್ರ ಲೆಕ್ಕ, ತಕ್ಷಣ ‘ನಮಸ್ಕಾರ, ಯಾವ ತಾರೀಖು, ಎಷ್ಟು ಜನ’ ಅಂತ ಹೋಗುತ್ತೆ. ದುಡ್ಡು ಕಟ್ಟಿದವ್ನಿಗೆ ಅದನ್ನ ನೋಡಿದ್ರೆ ಎದೆ ಧಸಕ್ ಅನ್ನುತ್ತೆ, ಬುಕಿಂಗೇ ಇಲ್ವೇನೋ ಅಂತ. ಕೊಡಗಿಗೆ ಬರೋರು ಬೇಸಿಗೆ ರಜೆಗೆ, ದಸರಾಕ್ಕೆ, ಡಿಸೆಂಬರಿಗೆ ತಿಂಗಳು ಮುಂಚೆನೇ ಬುಕ್ ಮಾಡೋರು, ಅಂದ್ರೆ ಇದು ಅಪರೂಪಕ್ಕೆ ಆಗೋದಲ್ಲ, ಸೀಸನಲ್ಲಿ ದಿನಾ ಆಗೋದು. ಅದಕ್ಕೆ ಗ್ರೀಟಿಂಗನ್ನ ಇಬ್ರಿಗೂ ಹೊಂದೋ ಹಂಗೆ ಬರ್ದ್ವಿ:

> ನಮಸ್ಕಾರ 🙏 ಮೆಸೇಜ್ ಸಿಕ್ಕಿದೆ. ಈಗಾಗ್ಲೇ ಬುಕ್ ಮಾಡಿದ್ದೀರಾದ್ರೆ ನಿಮ್ಮ ರೂಮ್ ಹಾಗೇ ಇದೆ, ಏನು ಬೇಕೋ ಬರೀರಿ, ನೋಡಿ ಉತ್ತರ ಕೊಡ್ತೀವಿ.
> ಹೊಸದಾಗಿ ರೂಮ್ ಬೇಕಿದ್ರೆ ಮೂರು ವಿಷಯ ಕಳಿಸಿ:
> ಯಾವ ತಾರೀಖಿಂದ
> ಎಷ್ಟು ರಾತ್ರಿ
> ದೊಡ್ಡವ್ರು ಎಷ್ಟು, ಮಕ್ಕಳು ಎಷ್ಟು

ಇದ್ರ ಕೆಳಗೆ ಇಂಗ್ಲಿಷಲ್ಲಿ ಎರಡು ಸಾಲು, ಕೇರಳ ತಮಿಳುನಾಡಿಂದ ಬರೋರಿಗೆ. ಚಿಕ್ಕಪ್ಪಂಗೆ ರೇಟು, ಫೋಟೋ, ಗೂಗಲ್ ಪೇ ನಂಬರ್ ಎಲ್ಲಾ ಇದ್ರಲ್ಲೇ ಹಾಕಿಬಿಡೋ ಆಸೆ. ನಾನು ಬಿಡ್ಲಿಲ್ಲ. ಪೇಮೆಂಟ್ ವಿವರ ತಾನಾಗೇ ಹೋದ್ರೆ, ರೂಮ್ ಖಾಲಿ ಇದ್ಯೋ ಇಲ್ವೋ ನಾವು ನೋಡೋಕ್ಮುಂಚೆನೇ ಒಬ್ಬ ಅಡ್ವಾನ್ಸ್ ಹಾಕಿ ಕೂತಿರ್ತಾನೆ, ಆಮೇಲೆ ವಾಪಸ್ ಹಾಕೋದು, ಅದಕ್ಕೊಂದು ಜಗಳ. ರೇಟೂ ಬೇಡ, ಯಾಕಂದ್ರೆ ಶನಿವಾರದ ರೇಟು ಬೇರೆ ಮಂಗಳವಾರದ ರೇಟು ಬೇರೆ, ತಾರೀಖು ಗೊತ್ತಿಲ್ದೆ ಹೇಳಿದ ರೇಟಿಗೆ ಅರ್ಥ ಇಲ್ಲ.

ಯಾರ್ಯಾರಿಗೆ ಹೋಗ್ಬೇಕು

ಗ್ರೀಟಿಂಗಲ್ಲೂ ಅವೇ ಮೆಸೇಜಲ್ಲೂ ಕೆಳಗೆ `Recipients` ಅಂತ ಇರುತ್ತೆ. `Everyone` ಇಟ್ರೆ ಬೆಳಿಗ್ಗೆ ಐದೂವರೆಗೆ ‘ಹಾಲು ಇಟ್ಟಿದ್ದೀನಿ’ ಅಂತ ಹಾಕೋ ಹಾಲಿನವನಿಗೂ, ಲಾಂಡ್ರಿಯವನಿಗೂ, ಗ್ಯಾಸಿನವನಿಗೂ ‘ಎಷ್ಟು ರಾತ್ರಿ ಇರ್ತೀರಾ’ ಅಂತ ಹೋಗುತ್ತೆ. ಅದಕ್ಕೆ `Everyone not in address book` ಇಡೋದು ಸರಿ, ಸೇವ್ ಆಗಿರೋ ನಂಬರ್ ಬಿಟ್ಟು ಉಳಿದವ್ರಿಗೆ ಮಾತ್ರ.

ಆದ್ರೆ ಈ ಲಾಡ್ಜಲ್ಲಿ ಒಂದು ಅಭ್ಯಾಸ ಇತ್ತು, ಕೇಳಿದ ಎಲ್ಲಾ ಗಿರಾಕಿಗಳ ನಂಬರನ್ನೂ ‘ಹಾಸನ 2 ರೂಮ್’, ‘ತಲಶ್ಶೇರಿ ಫ್ಯಾಮಿಲಿ’ ಅಂತ ಸೇವ್ ಮಾಡೋದು. ಕಾಂಟ್ಯಾಕ್ಟ್ ಲಿಸ್ಟ್ ತೆಗೆದು ನೋಡಿದ್ರೆ ಉದ್ದಕ್ಕೂ ಇದೇ. ಅವ್ರಿಗೆಲ್ಲಾ ಆಟೋ ರಿಪ್ಲೈ ಹೋಗಲ್ಲ, ಯಾಕೆ ಹೋಗ್ತಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ಇದನ್ನ ಕಂಡುಹಿಡಿಯೋದು ಸುಲಭ, ಆಟೋ ರಿಪ್ಲೈ ಹೋಗದಿರೋ ಚಾಟ್ ತೆಗೀರಿ, ಮೇಲೆ ಹೆಸರು ಕಾಣ್ತಿದ್ರೆ ಸೇವ್ ಆಗಿದೆ ಅಂತ, ಬರೀ ನಂಬರ್ ಕಾಣ್ತಿದ್ರೆ ಕಾರಣ ಬೇರೆ. ಇನ್ಮೇಲೆ ಗಿರಾಕಿ ನಂಬರ್ ಸೇವ್ ಮಾಡೋದು ಬೇಡ, ಲೇಬಲ್ ಹಾಕಿ ಅಂತ ಹೇಳ್ದೆ. ಆ್ಯಪಲ್ಲೇ ಬಣ್ಣದ ಲೇಬಲ್ ಇದೆ, ನಾವು ಮೂರೇ ಇಟ್ಕೊಂಡ್ವಿ: ‘ಕೇಳಿದ್ದಾರೆ’, ‘ಅಡ್ವಾನ್ಸ್ ಬಾಕಿ’, ‘ಕನ್ಫರ್ಮ್’. ಹಳೇದ್ರಲ್ಲಿ ಮುಂದಿನ ಬುಕಿಂಗ್ ಇರೋರಿಗೆ ಲೇಬಲ್ ಹಾಕಿ, ಗಿರಾಕಿ ಕಾಂಟ್ಯಾಕ್ಟ್ ಎಲ್ಲಾ ಅಳಿಸಿದ್ವಿ. ಕಾಂಟ್ಯಾಕ್ಟ್ ಅಳಿಸಿದ್ರೆ ಚಾಟ್ ಹೋಗಲ್ಲ, ಹೆಸರಿನ ಜಾಗದಲ್ಲಿ ನಂಬರ್ ಬರುತ್ತೆ ಅಷ್ಟೇ. ಆ ಹುಡುಗನಿಗೆ ಇದು ಬೇಜಾರಾಯ್ತು, ಎರಡು ವರ್ಷ ಸೇವ್ ಮಾಡಿದ್ದು ಪಾಪ.

ರಾತ್ರಿಯ ಅವೇ ಮೆಸೇಜ್

ಇಲ್ಲಿ ಒಂದು ಗಂಟು ಇದೆ, ಲಾಡ್ಜಿನವ್ರಿಗೇ ಸ್ಪೆಷಲ್. `Away message` ಶೆಡ್ಯೂಲಲ್ಲಿ ಮೂರು ದಾರಿ: `Always send`, `Custom schedule`, `Outside of business hours`. ನಮಗೆ ಬೇಕಿರೋದು ದಿನಾ ರಾತ್ರಿ ತಾನಾಗೇ ಆನ್ ಆಗಿ ಬೆಳಿಗ್ಗೆ ಆಫ್ ಆಗೋದು. ಕಸ್ಟಮ್ ಅನ್ನೋದು ಇಂಥ ತಾರೀಖು ಇಷ್ಟು ಗಂಟೆಯಿಂದ ಇಂಥ ತಾರೀಖು ಇಷ್ಟು ಗಂಟೆ ತನಕ ಅಂತ ಒಂದೇ ಸಲಕ್ಕೆ, ದಿನಾ ತಿರುಗಿ ಬರಲ್ಲ. ಹಂಗಾಗಿ ಉಳಿಯೋದು ಮೂರನೇದು, ಅದು ಪ್ರೊಫೈಲಲ್ಲಿ ಹಾಕಿರೋ ಬಿಸಿನೆಸ್ ಟೈಮ್ ನೋಡಿ ನಡೆಯುತ್ತೆ. ಲಾಡ್ಜು 24 ಗಂಟೆ ತೆಗೆದಿರುತ್ತಲ್ಲ, ಅಂತ ಪ್ರೊಫೈಲಲ್ಲಿ `Always open` ಹಾಕಿದ್ರೆ ಮುಗೀತು, ಮುಚ್ಚಿರೋ ಹೊತ್ತೇ ಇಲ್ಲ ಅಂದ್ಮೇಲೆ ಅವೇ ಮೆಸೇಜ್ ಯಾವತ್ತೂ ಹೋಗಲ್ಲ.

ಇಲ್ಲಾಂದ್ರೆ ಟೈಮ್ ಹಾಕ್ಬೇಕು, ಬೆಳಿಗ್ಗೆ 7ರಿಂದ ರಾತ್ರಿ 10. ಆಗ ಅವೇ ಮೆಸೇಜ್ ಸರಿಯಾಗಿ ನಡೆಯುತ್ತೆ, ಆದ್ರೆ ರಾತ್ರಿ ಪ್ರೊಫೈಲ್ ನೋಡಿದವ್ರಿಗೆ ‘ಮುಚ್ಚಿದೆ’ ಅಂತ ಕಾಣುತ್ತೆ. ಹತ್ತೂವರೆ ಬಸ್ಸಿಗೆ ಬಂದಿಳಿದವ್ನು ಅದನ್ನ ನೋಡಿ ಪಕ್ಕದ ಲಾಡ್ಜಿಗೆ ಹೋದ್ರೆ ನಷ್ಟ ಯಾರಿಗೆ. ಚಿಕ್ಕಪ್ಪ ಇದಕ್ಕೆ ಒಪ್ಪಲೇ ಇಲ್ಲ ಮೊದ್ಲು. ಕೊನೆಗೆ ಮಾಡಿದ್ದು, ಟೈಮ್ 7ರಿಂದ 10 ಹಾಕಿ, ಪ್ರೊಫೈಲಿನ ವಿವರಣೆಲಿ ಮೊದಲ್ನೇ ಸಾಲೇ ‘ಚೆಕ್ ಇನ್ 24 ಗಂಟೆ, ಇಲ್ಲಿ ಹಾಕಿರೋ ಟೈಮ್ ಬರೀ ಮೆಸೇಜಿಗೆ ಉತ್ತರ ಕೊಡೋದಕ್ಕೆ’ ಅಂತ ಬರ್ದ್ವಿ. ಪೂರ್ತಿ ಸರಿಹೋದ ಪರಿಹಾರ ಅಂತ ನಾನು ಹೇಳಲ್ಲ, ಆ್ಯಪು ಅಷ್ಟೇ ಬಿಡೋದು. ಅವೇ ಮೆಸೇಜ್ ಹಿಂಗಿದೆ:

> ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ಮೆಸೇಜ್ ನೋಡೋಕೆ ಆಗಲ್ಲ. ಈಗ್ಲೇ ದಾರೀಲಿದ್ದೀರಾ, ಇಲ್ಲಾ ಇವತ್ತು ರಾತ್ರಿಗೇ ರೂಮ್ ಬೇಕಾ? ಇದೇ ನಂಬರಿಗೆ ಮಾಮೂಲಿ ಕಾಲ್ ಮಾಡಿ, ಎತ್ತುತ್ತೀವಿ.
> ಬೇರೆ ದಿನಕ್ಕೆ ಬೇಕಿದ್ರೆ ತಾರೀಖು, ಎಷ್ಟು ರಾತ್ರಿ, ಎಷ್ಟು ಜನ ಅಂತ ಬರೆದಿಡಿ, ಬೆಳಿಗ್ಗೆ 7 ಆದ ಕೂಡ್ಲೇ ಮೊದಲ ಉತ್ತರ ನಿಮಗೇ.

‘ಮಾಮೂಲಿ ಕಾಲ್’ ಅಂತ ಬೇಕಂತಲೇ ಹಾಕಿದ್ದು. ಘಾಟಿಯಲ್ಲಿ ಡೇಟಾ ಸಿಗದೇ ಇದ್ರೂ ಕೆಲವು ಕಡೆ ಕಾಲ್ ಸಿಗುತ್ತೆ, ವಾಟ್ಸಾಪ್ ಕಾಲ್ ಮಾಡಿ ಮಾಡಿ ಸಾಯ್ತಾರೆ ಪಾಪ. ಆಮೇಲೆ ಗ್ರೀಟಿಂಗೂ ಅವೇ ಮೆಸೇಜೂ ಬೇರೆ ಬೇರೆಯಾಗಿ ಓದಿದ್ರೂ ಅರ್ಥ ಆಗ್ಬೇಕು, ಒಂದರ ಹಿಂದೆ ಒಂದು ಓದಿದ್ರೂ ಅಸಂಬದ್ಧ ಅನ್ನಿಸ್ಬಾರ್ದು, ಹಂಗೆ ಬರ್ದಿದ್ದು. ಫೋನ್ ರಾತ್ರಿ ಡು ನಾಟ್ ಡಿಸ್ಟರ್ಬಿಗೆ ಹೋಗಲ್ಲ ಅಂತಾನೂ ನೋಡ್ಕೊಳ್ಳಿ, ಇಲ್ದಿದ್ರೆ ‘ಎತ್ತುತ್ತೀವಿ’ ಅಂದಿದ್ದು ಸುಳ್ಳಾಗುತ್ತೆ.

ಕರೆಂಟು, ಮಳೆ, ವೈಫೈ

ಆಟೋ ರಿಪ್ಲೈ ಎಲ್ಲೋ ದೂರದ ಸರ್ವರಿಂದ ಹೋಗುತ್ತೆ ಅಂತ ತುಂಬಾ ಜನ ಅನ್ಕೊಂಡಿದ್ದಾರೆ. ಅವೇ ಮೆಸೇಜ್ ಹೋಗ್ಬೇಕಂದ್ರೆ ಆ ಫೋನ್ ಆನ್ ಇದ್ದು ಅದಕ್ಕೆ ಇಂಟರ್ನೆಟ್ ಇರ್ಬೇಕು. ರಿಸೆಪ್ಶನ್ ಕಂಪ್ಯೂಟರಲ್ಲಿ ಲಿಂಕ್ ಮಾಡಿಟ್ಟಿದ್ರೆ ಫೋನ್ ಆಫ್ ಇದ್ರೂ ಚಾಟ್ ಓದ್ಬಹುದು, ಉತ್ರ ಕೊಡ್ಬಹುದು, ಆದ್ರೆ ತಾನಾಗೇ ಹೋಗೋ ಮೆಸೇಜಿಗೆ ಫೋನೇ ಬೇಕು. ಮಡಿಕೇರಿ ಮಳೆಗಾಲ ಗೊತ್ತಲ್ಲ, ಜೂನಿಂದ ಸೆಪ್ಟೆಂಬರ್ ತನಕ ಮರ ಬಿತ್ತು ಲೈನ್ ಹೋಯ್ತು ಅಂತ ರಾತ್ರಿಗಟ್ಟಲೆ ಕರೆಂಟ್ ಇರಲ್ಲ. ಕರೆಂಟ್ ಹೋದ್ರೆ ವೈಫೈ ರೂಟರ್ ಹೋಗುತ್ತೆ, ಈ ಫೋನಲ್ಲಿ ಡೇಟಾ ಆಫ್ ಮಾಡಿಟ್ಟಿದ್ರು ದುಡ್ಡು ಉಳಿಸೋಕೆ, ಅಂದ್ರೆ ಆಟೋ ರಿಪ್ಲೈ ಹೆಚ್ಚು ಬೇಕಾದ ರಾತ್ರಿಲೇ ಅದು ಸತ್ತಿರುತ್ತೆ.

ಡೇಟಾ ಯಾವಾಗ್ಲೂ ಆನ್ ಇಟ್ವಿ, ವೈಫೈ ಇರೋ ತನಕ ಅದು ಖರ್ಚಾಗಲ್ಲ, ವೈಫೈ ಹೋದ ಕೂಡ್ಲೇ ತಾನಾಗೇ ಡೇಟಾಕ್ಕೆ ಹಾರುತ್ತೆ. ರೂಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿದ್ವಿ, ರೂಟರಿಗೆ ಅಂತಾನೇ 12 ವೋಲ್ಟಿಂದು ಸಿಗುತ್ತೆ, ತಗೊಳ್ಳೋಕ್ಮುಂಚೆ ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಓದಿ, ಕೆಲವು 9 ವೋಲ್ಟಿಂದೂ ಇರ್ತವೆ. ಇನ್ನೊಂದು ಬ್ಯಾಟರಿ ಆಪ್ಟಿಮೈಸೇಶನ್. ಇವ್ರದು ಕಡಿಮೆ ರೇಟಿನ ಆಂಡ್ರಾಯ್ಡ್, ರಾತ್ರಿ ಯಾರೂ ಮುಟ್ಟದೇ ಇದ್ರೆ ಆ್ಯಪನ್ನ ಮಲಗಿಸಿಬಿಡುತ್ತೆ. ಇದು ಹೆಂಗೆ ಗೊತ್ತಾಗುತ್ತೆ ಅಂದ್ರೆ, ಬೆಳಿಗ್ಗೆ ಫೋನ್ ತೆಗೆದ ಕೂಡ್ಲೇ ಮೆಸೇಜುಗಳು ದಬದಬ ಒಟ್ಟಿಗೆ ಬಂದು ಬೀಳ್ತವೆ, ಆದ್ರೆ ಅವು ಹೊರಟ ಹೊತ್ತು ನೋಡಿದ್ರೆ ರಾತ್ರಿದು. ಫೋನಿನ ಸೆಟ್ಟಿಂಗ್ಸಲ್ಲಿ ಆ್ಯಪ್ಸ್, ಅಲ್ಲಿ ವಾಟ್ಸಾಪ್ ಬಿಸಿನೆಸ್, ಬ್ಯಾಟರಿ, `Unrestricted`. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆ ಇರುತ್ತೆ, ಹುಡುಕಿದ್ರೆ ಸಿಗುತ್ತೆ.

ಕ್ವಿಕ್ ರಿಪ್ಲೈ

50ರ ತನಕ ಉಳಿಸ್ಬಹುದು. ಯಾರೂ 50 ಇಡ್ಬೇಡಿ, ನೆನಪಿರಲ್ಲ. ಯಾವ್ದು ಇಡ್ಬೇಕು ಅಂತ ತಲೆ ಕೆಡಿಸ್ಕೊಳ್ದೆ ಹಳೇ ಚಾಟ್‌ಗಳನ್ನ ಮೇಲಿಂದ ಕೆಳಗೆ ಓದ್ತಾ, ಗಿರಾಕಿ ಕೇಳಿದ್ದನ್ನೆಲ್ಲಾ ಒಂದು ಹಾಳೇಲಿ ಗೀಟು ಹಾಕ್ತಾ ಹೋದ್ವಿ. ನಾನು ಅನ್ಕೊಂಡಿದ್ದು ರೇಟಿಗೇ ಜಾಸ್ತಿ ಗೀಟು ಬೀಳುತ್ತೆ ಅಂತ, ಅದು ಸರಿನೇ, ಆದ್ರೆ ಎರಡನೇದು ಪಾರ್ಕಿಂಗ್ ಅಂತ ಗೊತ್ತಿರ್ಲಿಲ್ಲ. ಲಾಡ್ಜಿನ ಓಣಿ ಇಳಿಜಾರು, ಕಾರ್ ಬರುತ್ತೆ, ಟೆಂಪೋ ಟ್ರಾವೆಲರ್ ತಿರುಗಲ್ಲ. ಅದನ್ನ ಮುಂಚೆ ಹೇಳ್ದೇ ಇದ್ರೆ ಹದಿನೈದು ಜನ ಬಂದು ರೋಡಲ್ಲಿ ನಿಂತು ಬೈತಾರೆ. ಮಂಡಲಪಟ್ಟಿ ಜೀಪು ಎಷ್ಟು, ದುಬಾರೆ ತೆಗೆದಿದ್ಯಾ ಅಂತ ಕೇಳೋರೂ ಸುಮಾರು ಜನ.

ಬಾಕ್ಸಲ್ಲಿ `/` ಒತ್ತಿದ್ರೆ ಪಟ್ಟಿ ಬರುತ್ತೆ, ಶಾರ್ಟ್‌ಕಟ್ ಹೆಸರಿನ ಒಂದೆರಡು ಅಕ್ಷರ ಹಾಕಿದ್ರೆ ಪಟ್ಟಿ ಚಿಕ್ಕದಾಗುತ್ತೆ. ಹುಡುಗನಿಗೆ ಕನ್ನಡ ಹೆಸರಿಡೋ ಆಸೆ ಇತ್ತು, `/dara` `/dari` ಅಂತ. ಒಂದೇ ಥರ ಶುರುವಾಗೋ ಹೆಸರು ಗಡಿಬಿಡೀಲಿ ಅದಲು ಬದಲಾಗ್ತವೆ, ರೇಟು ಕೇಳಿದವ್ನಿಗೆ ದಾರಿ ಹೋಗುತ್ತೆ. ಮೊದಲ ಅಕ್ಷರವೇ ಬೇರೆ ಬೇರೆ ಇರೋ ಹಂಗೆ ಇಟ್ವಿ:

```
/rate   /map   /car   /hot
/adv    /ok    /full  /site
```

ಕ್ವಿಕ್ ರಿಪ್ಲೈ ಆರಿಸಿದ್ರೆ ಟೆಕ್ಸ್ಟ್ ಬಾಕ್ಸಿಗೆ ಬಂದು ಕೂರುತ್ತೆ, ತಿದ್ದಿ ಕಳಿಸ್ಬಹುದು. ಇದೇ ಇದ್ರ ಬಲ, ಇದ್ರಲ್ಲೇ ಅಪಾಯಾನೂ ಇದೆ. ಅಡ್ವಾನ್ಸ್ ಮೆಸೇಜಲ್ಲಿ ಮೊತ್ತ ಹುಡುಗನೇ ತುಂಬ್ಬೇಕು, ತುಂಬದೇ ಕಳಿಸಿದ್ರೆ ‘ಒಟ್ಟು ____ ರೂಪಾಯಿ’ ಅಂತ ಹೋಗುತ್ತೆ. ಅದಕ್ಕೆ ತುಂಬೋ ಜಾಗ ಎಲ್ಲಾ ಮೊದಲ್ನೇ ಸಾಲಲ್ಲೇ ಇಟ್ಟಿದ್ದು, ಮಧ್ಯದಲ್ಲಿ ಹುದುಗಿಸಿಲ್ಲ:

> ಒಟ್ಟು ____, ಅಡ್ವಾನ್ಸ್ ____, ____ ಗಂಟೆ ಒಳಗೆ.
> ನಿಮ್ಮ ತಾರೀಖಿಗೆ ರೂಮ್ ಖಾಲಿ ಇದೆ, ಈ ಹೊತ್ತಿನ ತನಕ ಹಿಡಿದಿಡ್ತೀವಿ. ಯುಪಿಐ ಇದೇ ನಂಬರಿಗೆ. ದುಡ್ಡು ಹಾಕೋ ಮುಂಚೆ ಸ್ಕ್ರೀನಲ್ಲಿ ಲಾಡ್ಜಿನ ಹೆಸರೇ ಬರ್ಬೇಕು, ಬೇರೆ ಹೆಸರು ಬಂದ್ರೆ ಹಾಕ್ಬೇಡಿ, ಕಾಲ್ ಮಾಡಿ. ಹಾಕಿದ್ಮೇಲೆ ಸ್ಕ್ರೀನ್‌ಶಾಟ್ ಕಳಿಸಿ.

ಆ ಹೆಸರಿನ ಸಾಲು ಯಾಕಂದ್ರೆ ಲಾಡ್ಜ್ ಹೆಸರಲ್ಲಿ ಬೇರೆ ನಂಬರ್ ಹಾಕಿ ಅಡ್ವಾನ್ಸ್ ತಗೊಂಡು ಮಾಯ ಆಗೋ ವ್ಯವಹಾರ ಟೂರಿಸ್ಟ್ ಊರುಗಳಲ್ಲೆಲ್ಲಾ ಇದೆ. ಸ್ಕ್ರೀನ್‌ಶಾಟ್ ಬಂತು ಅಂತ ನಾವು ನಂಬೋದೂ ಇಲ್ಲ, ಬ್ಯಾಂಕ್ ಆ್ಯಪಲ್ಲಿ ಜಮಾ ಆಗಿರೋದು ನೋಡಿ ಆಮೇಲೇ `/ok`.

ಒಂದು ಬುಕಿಂಗ್ ಹೆಂಗೆ ನಡೀತು ಅಂತ ಹೇಳ್ತೀನಿ. ಹಾಸನದ ಕಡೆಯವ್ರು, ಗುರುವಾರ ರಾತ್ರಿ 11:40ಕ್ಕೆ ‘ರೂಮ್ ಇದ್ಯಾ’ ಅಂತ ಮಾತ್ರ ಹಾಕಿದ್ರು. ಆಟೋ ಮೆಸೇಜ್ ಹೋಯ್ತು, ಅವ್ರು ಅಲ್ಲೇ ‘ಶನಿವಾರ ಭಾನುವಾರ ಎರಡು ರಾತ್ರಿ, ದೊಡ್ಡವ್ರು 4 ಮಕ್ಕಳು 2’ ಅಂತ ಬರ್ದು ಮಲಗಿದ್ರು. ಬೆಳಿಗ್ಗೆ 7ಕ್ಕೆ ಹುಡುಗ ರಿಜಿಸ್ಟರ್ ನೋಡಿದ, ಒಂದು ಫೋರ್ ಬೆಡ್ ಒಂದು ಡಬಲ್ ಇತ್ತು. ಶನಿವಾರ ರಾತ್ರಿ 2600 ಮತ್ತೆ 1900, ಅಂದ್ರೆ 4500. ಭಾನುವಾರ ರಾತ್ರಿ ವಾರದ ದಿನದ ರೇಟು, 2000 ಮತ್ತೆ 1400, ಅಂದ್ರೆ 3400. ಒಟ್ಟು 7900, ಅರ್ಧ ಅಡ್ವಾನ್ಸ್ 3950. `/rate` ಕಳಿಸಿ, ಅದ್ರ ಹಿಂದೇನೇ `/adv` ತೆಗೆದು ‘7900, 3950, ಮಧ್ಯಾಹ್ನ 12’ ಅಂತ ತುಂಬಿ ಕಳ್ಸಿದ, ಲೇಬಲ್ ‘ಅಡ್ವಾನ್ಸ್ ಬಾಕಿ’. ಅವ್ರು ಪಾರ್ಕಿಂಗ್ ಕೇಳಿದ್ರು, `/car`. ಹತ್ತು ಗಂಟೆಗೆ ದುಡ್ಡು ಬಂತು, `/ok`, ಅದ್ರಲ್ಲಿ ಚೆಕ್ ಇನ್ ಮಧ್ಯಾಹ್ನ 12ರ ಮೇಲೆ ಯಾವಾಗ್ಲಾದ್ರೂ, ದೊಡ್ಡವ್ರೆಲ್ರೂ ಗುರುತಿನ ಚೀಟಿ ತರ್ಬೇಕು ಅಂತಿದೆ. ಮುಂಚೆ ಇದೇ ಬುಕಿಂಗಿಗೆ ಹುಡುಗ ‘ಯಾವತ್ತಿಗೆ ಸರ್’ ‘ಎಷ್ಟು ಜನ ಸರ್’ ‘ಮಕ್ಕಳು ಎಷ್ಟು ವರ್ಷ ಸರ್’ ಅಂತ ಅರ್ಧ ದಿನ ಎಳೀತಿದ್ದ.

ಕ್ವಿಕ್ ರಿಪ್ಲೈಲಿ ಹಾಕ್ಬಾರ್ದು ಅಂತ ನಾನು ಹಠ ಹಿಡಿದಿದ್ದು ಎರಡು. ಒಂದು ರೋಡಿನ ವಿಚಾರ. `/map` ಅಲ್ಲಿ ಗೂಗಲ್ ಮ್ಯಾಪ್ ಲಿಂಕು, ಮೈಸೂರು ಕಡೆಯಿಂದ ಬರೋರಿಗೆ ಕುಶಾಲನಗರ ಸುಂಟಿಕೊಪ್ಪ ದಾರಿ, ಮಂಗಳೂರು ಕಡೆಯಿಂದ ಬರೋರಿಗೆ ಸಂಪಾಜೆ ಘಾಟಿ, ಜಿಟಿ ಸರ್ಕಲಿಗೆ ಬಂದು ಕಾಲ್ ಮಾಡಿ, ಇಷ್ಟೇ. ‘ಘಾಟಿ ರೋಡ್ ಸರಿ ಇದೆ’ ಅಂತ ಉಳಿಸಿಟ್ಟ ಮೆಸೇಜ್ ಜುಲೈನಲ್ಲಿ ಯಾರಿಗಾದ್ರೂ ಹೋದ್ರೆ ಕಥೆ ಮುಗೀತು. ಆ ಪ್ರಶ್ನೆಗೆ ಹುಡುಗ ಅವತ್ತಿನ ವಿಷಯ ವಿಚಾರ್ಸಿ ಕೈಯಲ್ಲೇ ಬರೀಬೇಕು. ಎರಡನೇದು ಜೀಪ್ ರೇಟು, ಅದು ನಮ್ಮ ಕೈಯಲ್ಲಿಲ್ಲ. `/site` ಅಲ್ಲಿ ‘ಮಂಡಲಪಟ್ಟಿ, ದುಬಾರೆ, ತಲಕಾವೇರಿಗೆ ಗಾಡಿ ಬೇಕಿದ್ರೆ ಬಂದ್ಮೇಲೆ ವಿಚಾರ್ಸಿ ಕೊಡ್ತೀವಿ, ಮಳೆಗಾಲದಲ್ಲಿ ದುಬಾರೆ ಹೊರಡೋ ಮುಂಚೆ ನಮ್ಮನ್ನ ಕೇಳಿ’ ಅಂತ ಮಾತ್ರ.

ಫೋಟೋ ಎಲ್ಲಾ ಕ್ಯಾಟಲಾಗಿಗೆ ಹಾಕಿದ್ವಿ, ಡಬಲ್, ಫೋರ್ ಬೆಡ್, ಬಾತ್‌ರೂಮ್ ಅಂತ ಮೂರು ಐಟಮ್ಮು. ಬೆಲೆ ಹಾಕ್ಲೇಬೇಕು ಅಂತೇನಿಲ್ಲ, ಖಾಲಿ ಬಿಟ್ವಿ. ಹಾಕಿದ ಕೂಡ್ಲೇ ಕಾಣಲ್ಲ, ಅವ್ರ ಕಡೆ ರಿವ್ಯೂ ಆಗಿ ಆಮೇಲೆ ಕಾಣುತ್ತೆ, ಗಾಬರಿ ಬೇಡ.

ದಸರಾ ಮತ್ತೆ ಗೂಗಲ್ ಲಿಂಕು

ಮಡಿಕೇರಿ ದಸರಾದಲ್ಲಿ ವಿಜಯದಶಮಿ ರಾತ್ರಿ ದಶಮಂಟಪ ಹೊರಡೋದು, ಅವತ್ತು ಊರಲ್ಲಿ ಒಂದು ರೂಮೂ ಇರಲ್ಲ, ಹುಡುಗ ಫೋನ್ ನೋಡೋ ಸ್ಥಿತೀಲೂ ಇರಲ್ಲ. ಇಂಥ ದಿನಕ್ಕೇ ಕಸ್ಟಮ್ ಶೆಡ್ಯೂಲ್ ಇರೋದು: ಈ ತಾರೀಖಿಂದ ಈ ತಾರೀಖಿನ ತನಕ ‘ರೂಮ್ ಪೂರ್ತಿ ಭರ್ತಿ, ಇದಾದ್ಮೇಲಿನ ದಿನಕ್ಕೆ ಬೇಕಿದ್ರೆ ತಾರೀಖು ಬರೀರಿ, ಬುಕ್ ಆಗಿರೋರು ಕಾಲ್ ಮಾಡಿ’. ತೊಡಕು ಏನಂದ್ರೆ ಅವೇ ಮೆಸೇಜ್ ಇರೋದು ಒಂದೇ, ದಸರಾದ್ದು ಹಾಕಿದ್ರೆ ರಾತ್ರಿದು ಅಳಿಸಿ ಹೋಗುತ್ತೆ, ಮುಗಿದ್ಮೇಲೆ ಅದನ್ನ ಮತ್ತೆ ಹಾಕಿ ಶೆಡ್ಯೂಲನ್ನೂ `Outside of business hours`ಗೆ ತಿರುಗಿಸ್ಬೇಕು. ಅದಕ್ಕೆ ರಾತ್ರಿ ಮೆಸೇಜನ್ನ `/zz` ಅಂತ ಒಂದು ಕ್ವಿಕ್ ರಿಪ್ಲೈ ಆಗಿ ಉಳಿಸಿಟ್ಟೆ, ಗಿರಾಕಿಗೆ ಕಳ್ಸೋಕಲ್ಲ, ಅಲ್ಲಿಂದ ಕಾಪಿ ಮಾಡ್ಕೊಳ್ಳೋಕೆ.

ಕೊನೇ ಕೆಲ್ಸ, ಗೂಗಲ್ ಮ್ಯಾಪಿನ ಲಾಡ್ಜ್ ಪೇಜಲ್ಲೂ ಬಿಲ್ಲಿನ ಕೆಳಗೂ ಹಾಕೋಕೆ ಒಂದು ಲಿಂಕ್. ಒತ್ತಿದವ್ರಿಗೆ ಚಾಟ್ ತೆಗೆಯುವಾಗ್ಲೇ ಬಾಕ್ಸಲ್ಲಿ ಮೂರು ಸಾಲು ತುಂಬಿರುತ್ತೆ, ‘ರೂಮ್ ಇದ್ಯಾ’ ಅನ್ನೋದಕ್ಕಿಂತ ಅದನ್ನ ತುಂಬೋದೇ ಸುಲಭ ಅನ್ನಿಸುತ್ತೆ:

```
https://wa.me/91XXXXXXXXXX?text=Date:%0ANights:%0APersons:
```

ಎಕ್ಸ್ ಇರೋ ಕಡೆ ಹತ್ತು ಅಂಕಿ ನಂಬರ್, ಮುಂದೆ ಸೊನ್ನೆಯೂ ಬೇಡ ಪ್ಲಸ್ಸೂ ಬೇಡ. `%0A` ಅಂದ್ರೆ ಹೊಸ ಸಾಲು. ಕನ್ನಡದಲ್ಲೂ ಹಾಕ್ಬಹುದು, ಆದ್ರೆ ಲಿಂಕ್ ಮಾರುದ್ದ ಆಗುತ್ತೆ, ಕನ್ನಡ ಬೇಕಂದ್ರೆ ಆ್ಯಪಲ್ಲೇ ಇರೋ `Short link` ತಗೊಳ್ಳಿ, ಅದ್ರಲ್ಲೂ ಮೆಸೇಜ್ ಮುಂಚೆನೇ ತುಂಬಿಡೋ ಜಾಗ ಇದೆ. ಬಿಲ್ಲಿಗೆ ಅದ್ರದೇ ಕ್ಯೂಆರ್ ಪ್ರಿಂಟ್ ಮಾಡಿಸಿದ್ವಿ. ಬೇಸಿಗೆ ರಜೆಗೆ ರೇಟು ಏರಿಸಿದಾಗ ಬದಲಾಯಿಸ್ಬೇಕಾಗಿರೋದು `/rate` ಒಂದೇ ಜಾಗದಲ್ಲಿ, ಆ ಕೆಲ್ಸ ಹುಡುಗನದು, ಹೊಸ ರೇಟು ಹೇಳೋದು ಚಿಕ್ಕಪ್ಪಂದು.